ತೋರಿಸೋ ಪಿಪಿಟಿ ಬೇರೆ, ಕಳಿಸೋ ಪಿಪಿಟಿ ಬೇರೆ

"ಮೀಟಿಂಗ್‌ನಲ್ಲಿ ತೋರಿಸೋಕೆ, ಆಮೇಲೆ ಮೇಲ್ ಮಾಡೋಕೆ ಎರಡಕ್ಕೂ ಒಂದೇ ಪಿಪಿಟಿ ಸಾಕಾಗಬೇಕು. ಒಂದು ಸ್ಲೈಡಿಗೆ ಎಷ್ಟು ಸಾಲು ಇಡಲಿ?"

ಸಾಲಿನ ಲೆಕ್ಕ ಬಿಡಿ, ಒಂದೇ ಪಿಪಿಟಿ ಎರಡಕ್ಕೂ ಆಗಲ್ಲ. ಮಂಡ್ಯದ ಒಂದು ರೈತ ಉತ್ಪಾದಕ ಕಂಪನಿಯಲ್ಲಿದ್ದಾಗ ಆಲೆಮನೆಗೆ ಹೊಸ ಗಾಣ ಹಾಕಿಸಲು ಬ್ಯಾಂಕ್ ಸಾಲ ಕೇಳಿದ್ದೆವು. ಮ್ಯಾನೇಜರ್ ಮುಂದೆ ಎಲ್ಲ ಚೆನ್ನಾಗಿಯೇ ನಡೆಯಿತು. "ಇದನ್ನೇ ಪಿಡಿಎಫ್ ಮಾಡಿ ಕೊಡಿ, ಮೇಲಿನವರಿಗೆ ಕಳಿಸ್ತೀನಿ" ಅಂದರು. ಕೊಟ್ಟೆ. ಕೆಟ್ಟಿದ್ದು ಅಲ್ಲೇ.

ಮುಖ್ಯ ಸ್ಲೈಡಿನ ತಲೆಬರಹ "ಬೆಲ್ಲದ ಇಳುವರಿ". ಕೆಳಗೆ ದಪ್ಪಕ್ಷರದಲ್ಲಿ 90 ಕೆ.ಜಿ.; ಕ್ಲಿಕ್ ಮಾಡಿದರೆ ಅದು ಮಾಯವಾಗಿ ಅದೇ ಜಾಗದಲ್ಲಿ 105 ಬರುತ್ತಿತ್ತು. ಉಳಿದದ್ದೆಲ್ಲ ನನ್ನ ಬಾಯಲ್ಲಿತ್ತು: ಇದು ಒಂದು ಟನ್ ಕಬ್ಬಿನ ಲೆಕ್ಕ, ಹಳೇ ಗಾಣದಲ್ಲಿ ಹಾಲು ಸಿಪ್ಪೆಯಲ್ಲೇ ಉಳಿದುಹೋಗುತ್ತೆ, 105 ಪಕ್ಕದೂರಿನ ಆಲೆಮನೆಯಲ್ಲಿ ತೂಕ ಹಾಕಿಸಿ ನೋಡಿದ್ದು. ಪಿಡಿಎಫ್‌ನಲ್ಲಿ ಅನಿಮೇಷನ್ ಇರಲ್ಲ. ಹಾಗಾಗಿ ಎರಡೂ ಅಂಕಿ ಒಂದರ ಮೇಲೊಂದು ಅಚ್ಚಾಗಿ ಎರಡೂ ಓದಲಾಗದಂತಾಗಿದ್ದವು. ನೋಟ್ಸ್‌ನಲ್ಲಿ ಬರೆದುಕೊಂಡಿದ್ದೂ ಹೋಗಿರಲಿಲ್ಲ. ಪಿಡಿಎಫ್ ಮಾಡುವಾಗ ನೋಟ್ಸ್ ಪುಟ ಅಂತ ಬೇರೆ ಆರಿಸದಿದ್ದರೆ ಬರೀ ಸ್ಲೈಡು ಬರುತ್ತೆ. "ಇಳುವರಿಗೆ ಆಧಾರವೇನು?" ಅಂತ ಮೇಲಿನವರು ಷರಾ ಬರೆದು ಫೈಲು ವಾಪಸ್ ಕಳಿಸಿದರು. ಮತ್ತೆ ಕಟ್ಟಿ ಕಳಿಸುವಷ್ಟರಲ್ಲಿ ಆ ಹಂಗಾಮು ಕೈತಪ್ಪಿತ್ತು.

ಒಬ್ಬರೇ ಕೂತು ಓದುವವರಿಗೆ ಅನುಮಾನ ಬಂದರೆ ಪರಿಹರಿಸಲು ಪಕ್ಕದಲ್ಲಿ ನೀವಿರಲ್ಲ, ಉತ್ತರ ಆ ಪುಟದಲ್ಲೇ ಸಿಗಬೇಕು. ಎರಡನೇ ಸಲ ತಲೆಬರಹವನ್ನೇ ಪೂರ್ತಿ ವಾಕ್ಯ ಮಾಡಿದೆ: "ಹೊಸ ಗಾಣದಿಂದ ಒಂದು ಟನ್ ಕಬ್ಬಿಗೆ 15 ಕೆ.ಜಿ. ಬೆಲ್ಲ ಹೆಚ್ಚು ಸಿಗುತ್ತದೆ." ಕೆಳಗೆ ಅಕ್ಕಪಕ್ಕ 90ಕ್ಕೊಂದು, 105ಕ್ಕೊಂದು ಗ್ರಾಫಿನ ಕಂಬ, ತೂಕ ಹಾಕಿದ ಜಾಗ, ಯಾವ ತಿಂಗಳ ಕಬ್ಬು ಅನ್ನೋದು, ಬೆಲ್ಲದ ರೇಟು ಬಿದ್ದರೆ ಕಂತು ಹೇಗೆ ಕಟ್ಟುತ್ತೇವೆ ಅನ್ನೋದು. ಈ ಕೊನೆಯದು ಮ್ಯಾನೇಜರ್ ಎದುರಿಗೇ ಕೇಳಿದ್ದ ಪ್ರಶ್ನೆ. ಮೀಟಿಂಗ್‌ನಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಓದುವ ಪ್ರತಿಯಲ್ಲಿ ಸೇರಬೇಕಾದ್ದು ಅವೇ.

ಇದನ್ನೇ ಪರದೆ ಮೇಲೆ ಹಾಕಲೂಬೇಡಿ. ಜನ ನಿಮಗಿಂತ ಮುಂದೆ ಓದಿ ಮುಗಿಸುತ್ತಾರೆ, ಓದುತ್ತಿರುವಷ್ಟು ಹೊತ್ತು ನಿಮ್ಮ ಮಾತು ಕಿವಿಗೆ ಬೀಳಲ್ಲ. ಅಲ್ಲಿಗೆ 90, ಒಂದು ಕ್ಲಿಕ್, 105 ಸಾಕು.

ಮೊದಲು ಓದುವ ಪ್ರತಿ ಬರೆಯಿರಿ, ತೋರಿಸುವುದನ್ನು ಅದರಿಂದ ಕಡಿದು ತೆಗೆಯಿರಿ. ಉಲ್ಟಾ ಮಾಡಿದರೆ ಬಾಯಲ್ಲಿ ಹೇಳಿದ್ದು ಪುಟಕ್ಕೆ ಬರದೇ ಉಳಿದುಬಿಡುತ್ತೆ. ಪರೀಕ್ಷೆ ಮಾಡಬೇಕಾದರೆ ವಿಷಯ ಗೊತ್ತಿಲ್ಲದವರಿಗೆ ಪಿಡಿಎಫ್ ಕೊಟ್ಟು ಸುಮ್ಮನಿರಿ. "ಇದು ಯಾವುದರ ಲೆಕ್ಕ?" ಅಂತ ಅವರು ಕೇಳಿದ ಪುಟ ಇನ್ನೂ ತೋರಿಸುವ ಸ್ಲೈಡೇ.

ಎರಡು ಮಾಡಲು ಪುರುಸೊತ್ತೇ ಇಲ್ಲವಾ? ಓದುವ ಪ್ರತಿ ಒಂದನ್ನೇ ಮಾಡಿ, ಪ್ರಿಂಟ್ ತೆಗೆದು ಹಂಚಿ, ಪ್ರೊಜೆಕ್ಟರ್ ಹಚ್ಚಬೇಡಿ. ಹತ್ತು ನಿಮಿಷ ಎಲ್ಲರೂ ಓದಲಿ, ಆಮೇಲೆ ಮಾತಾಡಿ.