ತುಟಿ ಸರಿಯಿದೆ, ಅಂಗುಳು ಮಾತ್ರ ಸೀಳಿದೆ, ಯಾಕೆ?

ಪ್ರಶ್ನೆ: ಮಗಳಿಗೆ ಒಂದು ತಿಂಗಳು. ತುಟಿ ಚೆನ್ನಾಗಿದೆ, ಆದರೆ ಅಂಗುಳಿನ ಹಿಂಭಾಗ ಅಗಲವಾಗಿ ಸೀಳಿದೆ. ಗದ್ದ ತುಂಬಾ ಚಿಕ್ಕದು. 20ನೇ ವಾರದ ಸ್ಕ್ಯಾನ್‌ನಲ್ಲಿ ಏನೂ ಕಂಡಿರಲಿಲ್ಲ. ಏಳನೇ ತಿಂಗಳಲ್ಲಿ ನಾನು ಜಾರಿ ಬಿದ್ದಿದ್ದೆ, ಅದರಿಂದ ಹೀಗಾಯಿತಾ?

ಉತ್ತರ: ಖಂಡಿತ ಅಲ್ಲ. ಆ ಯೋಚನೆ ಇವತ್ತೇ ಬಿಟ್ಟುಬಿಡಿ. ಗರ್ಭ ಕಟ್ಟಿದ 12ನೇ ವಾರದ ಹೊತ್ತಿಗೇ ಅಂಗುಳು ಕೂಡಿ ಮುಗಿದಿರುತ್ತದೆ, ಅಲ್ಲಿ ಆಗದೆ ಉಳಿದದ್ದೇ ಈಗ ಕಾಣುತ್ತಿರುವ ಸೀಳು.

ತುಟಿಯ ಕಥೆ ಬೇರೆ, ಅಂಗುಳಿನದು ಬೇರೆ. ಮೂಗಿನ ಕಡೆಯಿಂದ ಇಳಿಯುವ ನಡುವಿನ ಉಬ್ಬಿಗೆ ಎರಡೂ ಕೆನ್ನೆ ಕಡೆಯಿಂದ ಮೇಲ್ದವಡೆಯ ಉಬ್ಬುಗಳು ಬಂದು ಸೇರಿದರೆ ಮೇಲ್ದುಟಿ ಆಗುತ್ತದೆ. ಇದು 6-7ನೇ ವಾರದ ಕೆಲಸ. ಒಂದು ಕಡೆ ಸೇರದಿದ್ದರೆ ಸೀಳು ತುಟಿ. ಅದಕ್ಕೇ ಆ ಸೀಳು ಸಾಮಾನ್ಯವಾಗಿ ನಟ್ಟನಡುವೆ ಇರುವುದಿಲ್ಲ, ಮೂಗಿನ ಹೊಳ್ಳೆಯ ಕೆಳಗೆ ಬರುತ್ತದೆ. ನಿಮ್ಮ ಮಗುವಿಗೆ ಈ ಹಂತ ಸರಿಯಾಗಿಯೇ ಆಗಿದೆ.

ಎಡವಟ್ಟಾಗಿದ್ದು ಆಮೇಲೆ. ಅಂಗುಳಾಗಬೇಕಾದ ಎರಡು ಹಲಗೆಗಳು ಮೊದಲು ಅಡ್ಡಡ್ಡ ಇರುವುದಿಲ್ಲ, ನಾಲಿಗೆಯ ಎರಡೂ ಪಕ್ಕ ಕೆಳಮುಖವಾಗಿ ಇಳಿಬಿದ್ದಿರುತ್ತವೆ, ಯಾಕೆಂದರೆ ಪುಟ್ಟ ಬಾಯಿ ತುಂಬ ನಾಲಿಗೆಯೇ ಇರುತ್ತದೆ. 8ನೇ ವಾರದ ಹೊತ್ತಿಗೆ ಕೆಳದವಡೆ ಮುಂದಕ್ಕೆ ಬೆಳೆದು ನಾಲಿಗೆ ಕೆಳಗೆ ಇಳಿಯುತ್ತದೆ. ಆಗ ಹಲಗೆಗಳು ಮೇಲೆದ್ದು ಅಡ್ಡವಾಗಿ, ಒಂದಕ್ಕೊಂದು ತಾಗಿ, ಮುಂದಿನಿಂದ ಹಿಂದಕ್ಕೆ ಕೂಡುತ್ತಾ ಹೋಗುತ್ತವೆ. ಕೊನೆಗೆ ಕೂಡುವುದು ಕಿರುನಾಲಿಗೆ. ಸುಮ್ನೆ ತಾಗಿದರೂ ಸಾಲದು, ನಡುವಿನ ತೆಳು ಪೊರೆ ಕರಗಿ ಒಳಗಿನ ಅಂಗಾಂಶ ಒಂದಾಗಬೇಕು.

ಗದ್ದ ಚಿಕ್ಕದು ಅಂದಿರಲ್ವಾ, ಸುಳಿವು ಅಲ್ಲೇ ಇದೆ. ದವಡೆ ಬೆಳೆಯದೆ ನಾಲಿಗೆ ಮೇಲೇ ಉಳಿದರೆ ಹಲಗೆಗಳಿಗೆ ದಾರಿಯೇ ಸಿಗುವುದಿಲ್ಲ. ಹೀಗಾದ ಸೀಳು ಹೆಚ್ಚಾಗಿ ಅಗಲವಾಗಿ, ಲಾಳದ ಆಕಾರದಲ್ಲಿ ಇರುತ್ತದೆ. ಇದನ್ನು ಪಿಯರ್ ರಾಬಿನ್ ಸೀಕ್ವೆನ್ಸ್ ಅನ್ನುತ್ತಾರೆ. ನಿಮ್ಮ ಮಗುವಿಗೆ ಇರುವುದು ಇದೇನಾ ಅಂತ ಮಕ್ಕಳ ಡಾಕ್ಟರು ನೋಡಿಯೇ ಹೇಳಬೇಕು.

ಸ್ಕ್ಯಾನ್‌ನಲ್ಲಿ ಕಾಣದಿದ್ದದ್ದು ಆಶ್ಚರ್ಯವಲ್ಲ. ತುಟಿ ಹೊರಗಿದೆ, ಕಾಣುತ್ತದೆ. ಅಂಗುಳು ಮೂಳೆಗಳ ನೆರಳಲ್ಲಿ ಮರೆಯಾಗಿರುತ್ತದೆ, ಬರೀ ಅಂಗುಳಿನ ಸೀಳು ಬಹಳ ಸಲ ತಪ್ಪಿಹೋಗುತ್ತದೆ.

ನನಗೆ ಸೀಳಿಗಿಂತ ಜಾಸ್ತಿ ಚಿಂತೆ ಉಸಿರಾಟದ್ದು. ಅಂದು ಅಡ್ಡ ನಿಂತ ಅದೇ ನಾಲಿಗೆ ಈಗ ಹಿಂದಕ್ಕೆ ಜಾರಿ ಗಂಟಲು ಮುಚ್ಚಬಹುದು. ಅಂಗಾತ ಮಲಗಿದಾಗ ಗೊರಕೆಯಂಥ ಸದ್ದು, ಉಸಿರೆಳೆದಾಗ ಎದೆಗೂಡು ಒಳಗೆ ಸೆಳೆಯುವುದು, ಹಾಲು ಕುಡಿಯುವಾಗ ಸುಸ್ತಾಗಿ ನಿಲ್ಲಿಸುವುದು ಇದ್ದರೆ ಇವತ್ತೇ ತೋರಿಸಿ. ತುಟಿ ನೀಲಿಯಾದರೆ ಅಥವಾ ಉಸಿರು ನಿಂತು ನಿಂತು ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಓಡಿ. ಯಾವ ಭಂಗಿಯಲ್ಲಿ ಮಲಗಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಲಿ, ನೀವಾಗಿಯೇ ಬೋರಲು ಮಲಗಿಸಬೇಡಿ.

ಕಣ್ಣಿನ ತಪಾಸಣೆಯನ್ನೂ ಕೇಳಿ ಮಾಡಿಸಿ. ಇಂಥ ಮಕ್ಕಳಲ್ಲಿ ಕೆಲವರಿಗೆ ಸ್ಟಿಕ್ಲರ್ ಸಿಂಡ್ರೋಮ್ ಅನ್ನುವ ವಂಶವಾಹಿ ತೊಂದರೆ ಇರುತ್ತದೆ. ಅದರಲ್ಲಿ ಚಿಕ್ಕಂದಿನಲ್ಲೇ ದೂರದ್ದು ಮಂಜಾಗಿ ಕಾಣುತ್ತದೆ, ರೆಟಿನಾ ಕಳಚುವ ಅಪಾಯವೂ ಇದೆ.