5 ನಿಮಿಷದ ಸ್ಪರ್ಧೆಗೆ 7:40ರ ಡಾಕ್ಯುಮೆಂಟರಿ: ಏನು ತೆಗೆಯಬೇಕು, ಏನು ಬಿಡಬೇಕು?

ಪ್ರಶ್ನೆ: ಕಾಲೇಜು ಸ್ಪರ್ಧೆಗೆ ಇಳಕಲ್ ಸೀರೆ ನೇಯ್ಗೆ ಬಗ್ಗೆ ಡಾಕ್ಯುಮೆಂಟರಿ ಮಾಡಿದ್ದೇವೆ. 7:40 ಆಗಿದೆ. ಮಿತಿ ಟೈಟಲ್, ಕ್ರೆಡಿಟ್ಸ್ ಎಲ್ಲ ಸೇರಿ 5:00, ಒಂದು ಸೆಕೆಂಡ್ ಹೆಚ್ಚಾದರೂ ತಗೊಳ್ಳಲ್ಲವಂತೆ. ಎಲ್ಲ ಶಾಟ್ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡಿದರೂ 6:10ಕ್ಕಿಂತ ಕೆಳಗೆ ಬರ್ತಿಲ್ಲ, ನೋಡೋಕೂ ಓಡಿಸಿದ ಹಾಗಿದೆ. ಈಗಿರೋ ಕ್ರಮ: ಟೈಟಲ್ ಮತ್ತು ಡ್ರೋನ್ 35 ಸೆಕೆಂಡ್, ಊರು ಮತ್ತು ಸೀರೆಯ ಇತಿಹಾಸ 70, ನೇಕಾರರ ಮನೆ 55, ನೂಲಿಗೆ ಬಣ್ಣ 50, ಉದ್ದಕ್ಕೆ ಕಟ್ಟುವ ಎಳೆಗಳ ಹಾಸು ತಯಾರಿ 45, ಕೊಂಡಿ ಹಾಕುವುದು 60, ನೇಯ್ಗೆ 40, ಅಂಗಡಿಯವರ ಮಾತು 50, ಅಧಿಕಾರಿಯ ಮಾತು 25, ಕ್ರೆಡಿಟ್ಸ್ 30. ಯಾವುದನ್ನು ತೆಗೆಯೋದು?

ಉತ್ತರ: ಆ 6:10ರ ಟೈಮ್‌ಲೈನ್ ಪಕ್ಕಕ್ಕಿಡಿ, 7:40ರದ್ದನ್ನೇ ಡೂಪ್ಲಿಕೇಟ್ ಮಾಡಿಕೊಂಡು ಮತ್ತೆ ಶುರು ಮಾಡಿ. ಎಲ್ಲ ಶಾಟ್‌ನಿಂದ ಸ್ವಲ್ಪ ಸ್ವಲ್ಪ ಕತ್ತರಿಸಿದಾಗ ಮೊದಲು ಹೋಗುವುದು ಉಸಿರಾಡುವ ಜಾಗ: ಮಾತು ಮುಗಿದ ಮೇಲಿನ ಮೌನ, ಕೈ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಕ್ಷಣ. ವಿಷಯ ಅಷ್ಟೂ ಹಾಗೇ ಉಳಿದಿರುತ್ತದೆ, ಗಾಬರಿ ಮಾತ್ರ ಹೆಚ್ಚಾಗಿರುತ್ತದೆ. ನಿಮಗೆ ಬೇಕಿರುವುದು ಕಡಿಮೆ ವಿಷಯ. ಆದ್ದರಿಂದ ಇಡೀ ಭಾಗಗಳನ್ನು ಮೊದಲು ತೆಗೆಯಿರಿ, ಆಮೇಲೆ ಮಾತಿನೊಳಗಿನ ವಾಕ್ಯಗಳು, ಫ್ರೇಮ್ ಲೆಕ್ಕ ಕಟ್ಟಕಡೆಗೆ.

ಲೆಕ್ಕಕ್ಕೆ ಮುಂಚೆ ಗುರಿ ಸರಿಮಾಡಿಕೊಳ್ಳಿ. 5:00 ಅಂದರೆ 4:57ಕ್ಕೆ ಎಡಿಟ್ ಮಾಡಿ. ಎಕ್ಸ್‌ಪೋರ್ಟ್ ಆದ ಫೈಲ್‌ನಲ್ಲಿ ಆಡಿಯೋ ಟ್ರ್ಯಾಕ್ ವಿಡಿಯೋಗಿಂತ ಕೂದಲೆಳೆಯಷ್ಟು ಉದ್ದ ಇರಬಹುದು, ಕೆಲವು ಪ್ಲೇಯರ್‌ಗಳು ಮೇಲಿನ ಸೆಕೆಂಡಿಗೆ ದುಂಡುಮಾಡಿ 5:01 ಅಂತ ತೋರಿಸುತ್ತವೆ. ತೀರ್ಪುಗಾರರು ನೋಡುವುದು ಆ ಅಂಕಿಯನ್ನೇ. ಕ್ರೆಡಿಟ್ಸ್ ಸೇರಿಯೇ ಮಿತಿ ಎಂದು ಖಚಿತ ಮಾಡಿಕೊಂಡಿರುವುದು ಒಳ್ಳೆಯದಾಯಿತು, ಏಕೆಂದರೆ ಇದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ಅಮೆರಿಕದ ನ್ಯಾಷನಲ್ ಹಿಸ್ಟರಿ ಡೇ ಡಾಕ್ಯುಮೆಂಟರಿಗೆ ಕ್ರೆಡಿಟ್ಸ್ ಸೇರಿ 10 ನಿಮಿಷ. 48 ಅವರ್ ಫಿಲ್ಮ್ ಪ್ರಾಜೆಕ್ಟ್‌ನಲ್ಲಿ ಚಿತ್ರ 4ರಿಂದ 7 ನಿಮಿಷ, ಕೊನೆಯ ಕ್ರೆಡಿಟ್ಸ್ ಅದರಿಂದ ಹೊರಗೆ.

ಈಗ ನಿಮ್ಮ ಪಟ್ಟಿ. ಒಟ್ಟು 460 ಸೆಕೆಂಡ್, ಗುರಿ 297. ಅಂದರೆ 163 ಸೆಕೆಂಡ್ ಹೋಗಬೇಕು.

ಚಿತ್ರ ಯಾವುದರ ಬಗ್ಗೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಇಳಕಲ್ ಸೀರೆಯ ಬಗ್ಗೆ" ಅಂದರೆ ಸಾಲದು, ಅದರಿಂದ ಏನನ್ನೂ ಬೇಡ ಅನ್ನಲಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬೇರೆ ಕಡೆ ಸಿಗದ ವಸ್ತು ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವುದು ಈ ಸೀರೆಯ ಗುರುತು. ಹಾಗಾದರೆ ವಾಕ್ಯ ಇದು: "ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುವ ಈ ಕೆಲಸವನ್ನು ಈ ಮನೆಯವರು ಹೇಗೆ ನಡೆಸಿಕೊಂಡು ಹೋಗುತ್ತಿದ್ದಾರೆ." ಇನ್ನು ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ತೆಗೆದರೆ ಮುಂದಿನ ಯಾವುದಾದರೂ ಅರ್ಥವಾಗದೆ ಹೋಗುತ್ತದೆಯೇ? ಶಾಟ್ ಚೆನ್ನಾಗಿದೆಯೇ, ತೆಗೆಯಲು ಎಷ್ಟು ಕಷ್ಟಪಟ್ಟಿರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಡ್ರೋನ್ ಬಾಡಿಗೆಗೆ ತಂದಿದ್ದರೂ ಅದು ತೀರ್ಪುಗಾರರಿಗೆ ಗೊತ್ತಾಗುವುದೂ ಇಲ್ಲ.

ಡ್ರೋನ್ ತೆಗೆದರೆ ಏನೂ ಬೀಳುವುದಿಲ್ಲ. ಟೈಟಲ್ ಅನ್ನು ಮಗ್ಗದ ಮೊದಲ ಶಾಟ್ ಮೇಲೆ ಹಾಕಿ, 6 ಸೆಕೆಂಡ್ ಸಾಕು. ಅಲ್ಲಿಗೆ 29 ಸೆಕೆಂಡ್ ಕಡಿಮೆಯಾಯಿತು.

ಇತಿಹಾಸದ 70 ಸೆಕೆಂಡಿನಲ್ಲಿ ಮುಂದಿನದಕ್ಕೆ ಬೇಕಿರುವುದು ಒಂದೇ ಮಾತು: ಒಡಲಿನ ಹಾಸು ಬೇರೆ, ಸೆರಗಿನದು ಬೇರೆ. ಅದು ಗೊತ್ತಿಲ್ಲದವರಿಗೆ ಕೊಂಡಿ ಹಾಕುವುದು ಯಾರೋ ನೂಲು ಗಂಟು ಹಾಕುತ್ತಿರುವಂತೆ ಕಾಣುತ್ತದೆ. ಆದ್ದರಿಂದ ಮುಗಿದ ಸೀರೆ ಹರಡಿ, ಒಡಲು ಸೆರಗಿಗೆ ಸೇರುವ ಗೆರೆಯನ್ನು ಹತ್ತಿರದಿಂದ ತೋರಿಸುತ್ತಾ ಆ ಒಂದು ವಾಕ್ಯ ಹೇಳಿ, 10 ಸೆಕೆಂಡ್. ಉಳಿದ 60 ಹೋಯಿತು.

ಬಣ್ಣ ಹಾಕುವ ಭಾಗ ನೋಡಲು ಬಹುಶಃ ನಿಮ್ಮ ಚಿತ್ರದಲ್ಲೇ ಅತಿ ಚೆಂದ ಇರುತ್ತದೆ. ಆದರೂ 50 ಸೆಕೆಂಡೂ ತೆಗೆಯಿರಿ. ನೂಲಿಗೆ ಬಣ್ಣ ಹಾಕುವುದು ಯಾವ ನೇಯ್ಗೆಯ ಚಿತ್ರದಲ್ಲೂ ಬರುವಂಥದ್ದು, ಕೊಂಡಿ ಅರ್ಥವಾಗಲು ಅದು ಬೇಕಿಲ್ಲ. ಒಂದು ಎಚ್ಚರಿಕೆ: ಹೀಗೆ ತೆಗೆದಾಗ ಅದರ ಬಾಲ ಬೇರೆಲ್ಲೋ ಉಳಿದಿರುತ್ತದೆ. ಅಂಗಡಿಯವರು ಮುಂದೆ "ಆ ಬಣ್ಣ ಹೋಗಂಗಿಲ್ರಿ" ಅಂದಿದ್ದರೆ, ಯಾವ ಬಣ್ಣ ಎಂದು ನೋಡುವವರು ತಡವರಿಸುತ್ತಾರೆ. ಭಾಗ ತೆಗೆದ ತಕ್ಷಣ ಉಳಿದ ಮಾತುಗಳಲ್ಲಿ "ಆ", "ಅದು", "ಆಗಲೇ ಹೇಳಿದಂಗ" ಎಲ್ಲೆಲ್ಲಿ ಬಂದಿವೆ ಎಂದು ಕೇಳಿಸಿಕೊಂಡು ಬನ್ನಿ.

ಅಧಿಕಾರಿಯ 25 ಸೆಕೆಂಡಿನಲ್ಲಿ ಸಾಮಾನ್ಯವಾಗಿ ಇರುವ ವಿಷಯ ಒಂದೇ, ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ ಅನ್ನುವುದು. ಅದನ್ನು ನೇಯ್ಗೆಯ ಶಾಟ್ ಮೇಲೆ 4 ಸೆಕೆಂಡಿನ ಬರಹವಾಗಿ ಹಾಕಿ. ಪ್ರತ್ಯೇಕ ಸಮಯ ಬೇಡ.

ಕೂಡಿಸಿ: 29, 60, 50, 25. ಒಟ್ಟು 164. ಚಿತ್ರ 4:56ಕ್ಕೆ ಬಂತು. ನೇಕಾರರ ಮನೆ, ಹಾಸು ತಯಾರಿ, ಕೊಂಡಿ, ನೇಯ್ಗೆ, ಇವುಗಳ ಒಂದು ಫ್ರೇಮನ್ನೂ ಮುಟ್ಟಿಲ್ಲ. ಇನ್ನು ಕ್ರೆಡಿಟ್ಸ್ ಅನ್ನು ಉರುಳಿಸುವ ಬದಲು ಎರಡು ನಿಂತ ಕಾರ್ಡ್ ಮಾಡಿ, ಒಂದೊಂದು 6 ಸೆಕೆಂಡ್. ಅದರಿಂದ 18 ಸಿಗುತ್ತದೆ, 297ಕ್ಕೆ ಹೋಲಿಸಿದರೆ ಒಟ್ಟು 19 ಸೆಕೆಂಡ್ ಕೈಯಲ್ಲಿರುತ್ತದೆ. ಇದನ್ನು ಖರ್ಚು ಮಾಡಲು ಅವಸರ ಬೇಡ. ಬಣ್ಣದ ಭಾಗ ಹೋದ ಜಾಗದಲ್ಲಿ ಮನೆಯಿಂದ ಹಾಸಿನ ಕಡೆಗೆ ಜಿಗಿತ ಕಾಣುತ್ತದೆ, ಅಲ್ಲಿ 3-4 ಸೆಕೆಂಡಿನ ಒಂದು ಅಗಲ ಶಾಟ್ ಬೇಕಾಗುತ್ತದೆ. ಉಳಿದದ್ದನ್ನು ಕೊಂಡಿಯ ಭಾಗಕ್ಕೆ ಕೊಡಿ. ಮಾತಿಲ್ಲದೆ ಬೆರಳುಗಳು ಎಳೆ ಹಿಡಿಯುವುದು, ಸೇರಿಸುವುದು, ಎಳೆದು ನೋಡುವುದು, ಒಂದೇ ಶಾಟ್‌ನಲ್ಲಿ ಪೂರ್ತಿ ಕಾಣಲಿ. ಕೆಲಸ ನಿಧಾನದ್ದು ಅನ್ನುವುದನ್ನು ನಿಧಾನವಾಗಿ ತೋರಿಸದೆ ಹೇಳಲು ಬರುವುದಿಲ್ಲ.

ಅಂಗಡಿಯವರ 50 ಸೆಕೆಂಡನ್ನು ಮಾತ್ರ ವಾಕ್ಯದ ಮಟ್ಟದಲ್ಲಿ ಬಿಗಿಮಾಡಬೇಕಾದೀತು. ಸಂದರ್ಶನವನ್ನು ಅಕ್ಷರಶಃ ಬರೆದುಕೊಂಡು, ಕಾಗದದ ಮೇಲೆ ಗೆರೆ ಎಳೆದು ತೆಗೆಯಿರಿ, ಆಮೇಲೆ ಟೈಮ್‌ಲೈನ್‌ಗೆ ಬನ್ನಿ. ಮಾತು ಹೀಗಿದೆ ಅಂದುಕೊಳ್ಳಿ: "ಈಗ ನೋಡ್ರಿ, ನಮ್ಮ ಅಪ್ಪನ ಕಾಲದಿಂದ ಅಂಗಡಿ ಐತಿ, ಮೊದಲ ಭಾಳ ಮಂದಿ ಬರ್ತಿದ್ರು, ಈಗೂ ಬರ್ತಾರ, ಆದ್ರ ಕೈಮಗ್ಗದ್ದ ಯಾವ್ದು, ಪವರ್‌ಲೂಮ್ ಯಾವ್ದು ಅಂತ ಕೇಳೋರು ಕಡಿಮಿ ಆಗ್ಯಾರ್ರಿ." ಇದರಲ್ಲಿ ಉಳಿಯಬೇಕಾದ್ದು "ಕೈಮಗ್ಗದ್ದ ಯಾವ್ದು"ದಿಂದ ಕೊನೆವರೆಗೆ. ಕನ್ನಡದಲ್ಲಿ ಮಾತಿನ ತೂಕ ಕೊನೆಯಲ್ಲಿರುತ್ತದೆ, ಹೌದೋ ಅಲ್ಲವೋ ಗೊತ್ತಾಗುವುದು ಕ್ರಿಯಾಪದ ಬಂದ ಮೇಲೆಯೇ. ಆದ್ದರಿಂದ ತಲೆ ಕತ್ತರಿಸಿ, ಬಾಲ ಬಿಡಿ. "ಮುಂದಿನ ಪೀಳಿಗಿ ಮಾಡ್ತಾರ ಅಂತ ಹೇಳಾಕ ಆಗಂಗಿಲ್ಲ" ಅಂದವರ ಮಾತನ್ನು "ಮಾಡ್ತಾರ"ಕ್ಕೆ ನಿಲ್ಲಿಸಿದರೆ ಅವರು ಹೇಳಿದ್ದಕ್ಕೆ ತದ್ವಿರುದ್ಧ ಆಯಿತು. ಅದು ಬರೀ ಕೆಟ್ಟ ಎಡಿಟ್ ಅಲ್ಲ, ಮೋಸ.

ಕತ್ತರಿಸಿದ ಕಡೆ ಮುಖ ಕುಪ್ಪಳಿಸಿದಂತೆ ಕಾಣುತ್ತದೆ, ಅದರ ಮೇಲೆ ಸೀರೆ ಮಡಚುವ ಕೈಗಳ ಶಾಟ್ ಹಾಕಿ. ಧ್ವನಿಯನ್ನು ಉಸಿರಿನ ನಡುವೆ ಕತ್ತರಿಸಬೇಡಿ. ಉಸಿರು ಪೂರ್ತಿ ಇರಲಿ, ಇಲ್ಲವೇ ಪೂರ್ತಿ ಹೋಗಲಿ. ಜೋಡಣೆಗೆ 2-3 ಫ್ರೇಮ್‌ನ ಕ್ರಾಸ್‌ಫೇಡ್ ಕೊಟ್ಟರೆ ಟಕ್ ಅನ್ನುವ ಸದ್ದು ಹೋಗುತ್ತದೆ.

ಇನ್ನೂ ಸಮಯ ಬೇಕಿದ್ದರೆ ಅದು ಸಿಗುವುದು ಭಾಗಗಳ ನಡುವೆ. ನೇಯ್ಗೆಯ ಕೊನೆಯ ಶಾಟ್ ಇನ್ನೂ ಕಾಣುತ್ತಿರುವಾಗಲೇ ಅಂಗಡಿಯವರ ಧ್ವನಿ ಒಂದೂವರೆ ಸೆಕೆಂಡ್ ಮುಂಚೆ ಶುರುವಾಗಲಿ. ಇಂಥ ಆರು ಕಡೆ ಮಾಡಿದರೆ 9 ಸೆಕೆಂಡ್ ಸಿಗುತ್ತದೆ, ಚಿತ್ರ ಓಡಿಸಿದಂತೆಯೂ ಕಾಣುವುದಿಲ್ಲ.

ಎರಡು ಕಡೆ ಎಡವುವವರು ಬಹಳ. ಒಂದು, ಸಂಗೀತ. ಈಗಾಗಲೇ ಹಾಕಿದ್ದರೆ ಆ ಟ್ರ್ಯಾಕ್ ಪೂರ್ತಿ ತೆಗೆದಿಟ್ಟು ಎಡಿಟ್ ಮಾಡಿ. ಇಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ತಾಳ ತಪ್ಪುತ್ತದೆ, ನೀವು ತಾಳ ಉಳಿಸಲು ಹೋಗಿ ಬೇಡದ ಶಾಟ್ ಉಳಿಸುತ್ತೀರಿ. ಚಿತ್ರ ಲಾಕ್ ಆದ ಮೇಲೆ ಸಂಗೀತವನ್ನು ಕೊನೆಯಿಂದ ಹಿಂದಕ್ಕೆ ಹೊಂದಿಸಿ, ಕಡೆಯ ಸ್ವರ ಪೂರ್ತಿ ಆರುವುದು 4:57ರ ಒಳಗೇ ಇರಬೇಕು. ಎರಡು, ಇಂಗ್ಲಿಷ್ ಸಬ್‌ಟೈಟಲ್. ಮಾತು ಬಿಗಿಯಾದಷ್ಟೂ ಓದಲು ಸಮಯ ಕಡಿಮೆಯಾಗುತ್ತದೆ. ಸೆಕೆಂಡಿಗೆ 15 ಅಕ್ಷರದ ಸುತ್ತಮುತ್ತ ಇದ್ದರೆ ಆರಾಮ. 60 ಅಕ್ಷರದ ಸಾಲು ಎರಡೂವರೆ ಸೆಕೆಂಡಿನಲ್ಲಿ ಮಾಯವಾದರೆ ಸಬ್‌ಟೈಟಲ್ ಅನ್ನೇ ಚಿಕ್ಕದಾಗಿ ಬರೆಯಿರಿ, ಇಲ್ಲವೇ ಆ 19 ಸೆಕೆಂಡಿನಲ್ಲಿ ಒಂದನ್ನು ಅಲ್ಲಿ ಖರ್ಚು ಮಾಡಿ.

ಇಡೀ ಚಿತ್ರವನ್ನು 103% ವೇಗಕ್ಕೆ ಏರಿಸುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಕ್ಯಾಮೆರಾ ತಿರುಗುವ ಶಾಟ್‌ಗಳಲ್ಲಿ ಫ್ರೇಮ್ ಬಿಟ್ಟು ಹೋಗಿ ಜರ್ಕ್ ಕಾಣುತ್ತದೆ, ಮಗ್ಗದ ಲಯ ಕೆಡುತ್ತದೆ. ಕೊನೆಗೆ ನಾಲ್ಕೈದು ಸೆಕೆಂಡ್ ಮಾತ್ರ ಸಾಲದಿದ್ದರೆ, ಆಗ ನಿಮ್ಮ ಹಳೆಯ ವಿಧಾನಕ್ಕೆ ಬನ್ನಿ: 40 ಕಟ್‌ಗಳಲ್ಲಿ ತಲಾ 3 ಫ್ರೇಮ್ ತೆಗೆದರೆ 25 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ 4.8 ಸೆಕೆಂಡ್. ಅಷ್ಟು ಯಾರಿಗೂ ಕಾಣುವುದಿಲ್ಲ.

ಎಕ್ಸ್‌ಪೋರ್ಟ್‌ಗೆ ಮುಂಚೆ ಟೈಮ್‌ಲೈನ್ ಪೂರ್ತಿ ಜೂಮ್ ಔಟ್ ಮಾಡಿ ನೋಡಿ. ಎಲ್ಲೋ ದೂರದಲ್ಲಿ ಒಂದು ಚೂರು ಆಡಿಯೋ ಬಿದ್ದಿದ್ದರೆ ಅಲ್ಲಿಯವರೆಗೂ ಕಪ್ಪು ಪರದೆ ಎಕ್ಸ್‌ಪೋರ್ಟ್ ಆಗಬಹುದು. ಪ್ರೀಮಿಯರ್ ಆಗಲಿ ರಿಸಾಲ್ವ್ ಆಗಲಿ, I ಮತ್ತು O ಒತ್ತಿ ಶುರು, ಕೊನೆ ಗುರುತು ಹಾಕಿಯೇ ಎಕ್ಸ್‌ಪೋರ್ಟ್ ಮಾಡಿ. ಟೈಮ್‌ಲೈನ್ ಸೆಕೆಂಡಿಗೆ 29.97 ಫ್ರೇಮ್‌ನ ನಾನ್-ಡ್ರಾಪ್ ಆಗಿದ್ದರೆ ಅದು 5:00 ತೋರಿಸುವಾಗ ನಿಜವಾದ ಸಮಯ 300.3 ಸೆಕೆಂಡ್ ಆಗಿರುತ್ತದೆ, 25ರಲ್ಲಿ ಈ ತೊಂದರೆ ಇಲ್ಲ. ಹೇಗಿದ್ದರೂ ಎಡಿಟರ್ ಹೇಳುವುದನ್ನು ನಂಬದೆ, ಬಂದ ಫೈಲ್ ಅನ್ನೇ FFmpeg ಜೊತೆ ಬರುವ ffprobe ನಿಂದ, ಟರ್ಮಿನಲ್‌ನಲ್ಲಿ ಈ ಸಾಲು ಕೊಟ್ಟು ಅಳೆಯಿರಿ:

```
ffprobe -v error -show_entries format=duration -of default=noprint_wrappers=1:nokey=1 final.mp4
```

ಉತ್ತರ ಸೆಕೆಂಡಿನಲ್ಲಿ ಬರುತ್ತದೆ. 297ರ ಆಸುಪಾಸಿನಲ್ಲಿದ್ದರೆ ಸರಿ. 299 ದಾಟಿದ್ದರೆ ಕ್ರೆಡಿಟ್ಸ್ ಕಾರ್ಡ್‌ನಿಂದ ಎರಡು ಸೆಕೆಂಡ್ ತೆಗೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಸ್ಪರ್ಧೆಯ ಸೈಟ್‌ಗೆ ಅಪ್‌ಲೋಡ್ ಆದ ಮೇಲೆ ಅಲ್ಲಿ ತೋರಿಸುವ ಅವಧಿಯನ್ನೂ ಒಮ್ಮೆ ನೋಡಿಕೊಳ್ಳಿ. ಕೊನೆಯ ದಿನಕ್ಕೆ ಮುಂಚೆ ಹಾಕಿದರೆ ಮಾತ್ರ ಸರಿಪಡಿಸಲು ಸಮಯ ಇರುತ್ತದೆ.