ಕಪ್ಪಿನಲ್ಲಿ ಚಹಾ ಏರುವುದು ಕಾಣದವರು

ಪ್ರಶ್ನೆ: ಚಲನೆ ಮಾತ್ರ ಕಾಣದ ಒಂದು ಅಪರೂಪದ ಕುರುಡಿನ ಬಗ್ಗೆ ಓದಿದೆ. ವಸ್ತು ಕಾಣುತ್ತದೆ, ಬಣ್ಣ ಕಾಣುತ್ತದೆ, ಅದು ಚಲಿಸುವುದು ಮಾತ್ರ ಕಾಣುವುದಿಲ್ಲವಂತೆ. ಮೊದಲು ಅಲ್ಲಿತ್ತು, ಈಗ ಇಲ್ಲಿದೆ ಎಂದು ತಿಳಿಯುವವರಿಗೆ ಚಲನೆ ತಿಳಿಯದಿರುವುದು ಹೇಗೆ? ಅವರಿಗೆ ಜಗತ್ತು ತಡೆದು ತಡೆದು ಓಡುವ ವಿಡಿಯೊದಂತೆ ಕಾಣುತ್ತದೆಯೇ?

ಹತ್ತಿರದಲ್ಲಿ ಗೋಡೆ ಗಡಿಯಾರವಿದ್ದರೆ ಅದರ ನಿಮಿಷದ ಮುಳ್ಳನ್ನು ನೋಡಿ. ಈಗ ನಾಲ್ಕರ ಮೇಲಿದೆ, ಇನ್ನೊಮ್ಮೆ ತಲೆ ಎತ್ತಿದಾಗ ಆರರ ಮೇಲಿರುತ್ತದೆ. ಅದು ಸರಿದಿದೆ ಎಂದು ನಿಮಗೆ ಗೊತ್ತು, ಆದರೆ ಸರಿಯುವುದನ್ನು ನೀವು ಕಂಡಿಲ್ಲ. ನಿಮಿಷದ ಮುಳ್ಳಿನ ವಿಷಯದಲ್ಲಿ ನಾವೆಲ್ಲರೂ ನೀವು ಓದಿದ ಆ ರೋಗಿಯಂತೆಯೇ.

ಇದರ ತಿರುಗುಮುರುಗು ಅನುಭವವೂ ನಿಮಗೆ ಆಗಿರಬಹುದು. ರೈಲಿನ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡುತ್ತಾ ಕುಳಿತಿರುತ್ತೀರಿ, ನೆಲವೆಲ್ಲ ಹಿಂದಕ್ಕೆ ಓಡುತ್ತಿರುತ್ತದೆ. ರೈಲು ನಿಲ್ಲುತ್ತದೆ. ಆಗ ಕೆಲವು ಕ್ಷಣ ಪ್ಲಾಟ್‌ಫಾರ್ಮ್ ಮೆಲ್ಲನೆ ಮುಂದಕ್ಕೆ ಜಾರಿದಂತೆ ಕಾಣುತ್ತದೆ. ಯಾವುದಾದರೂ ಒಂದು ಕಲ್ಲನ್ನು ಗುರುತಿಟ್ಟುಕೊಂಡು ನೋಡಿದರೆ ಅದು ಇದ್ದಲ್ಲೇ ಇದೆ. ಜಾರುವುದೂ ಕಾಣುತ್ತಿದೆ, ಜಾಗವೂ ಬದಲಾಗುತ್ತಿಲ್ಲ. ಒಂದು ಕಡೆ ಚಲನೆ ಕಾಣದೆ ಜಾಗ ಬದಲಾಗುತ್ತದೆ, ಇನ್ನೊಂದು ಕಡೆ ಜಾಗ ಬದಲಾಗದೆ ಚಲನೆ ಕಾಣುತ್ತದೆ. ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ನಿಮ್ಮ ಪ್ರಶ್ನೆಯ ಅರ್ಧ ಗಂಟು ಬಿಚ್ಚಿದಂತೆ. ಮಿದುಳು ‘ಅಲ್ಲಿತ್ತು, ಇಲ್ಲಿದೆ’ ಎಂದು ಕಳೆದು ಕೂಡಿ ಚಲನೆಯನ್ನು ತೀರ್ಮಾನಿಸುವುದಿಲ್ಲ. ಬಣ್ಣವನ್ನು ಕಾಣುವಂತೆ ಚಲನೆಯನ್ನೂ ನೇರವಾಗಿ ಕಾಣುತ್ತದೆ, ಅದಕ್ಕೆಂದೇ ಬೇರೆ ಏರ್ಪಾಡು ಇಟ್ಟುಕೊಂಡಿದೆ.

ನೀವು ಓದಿದ್ದು ಬಹುಶಃ ಎಲ್.ಎಂ. ಎಂಬ ಹೆಸರಕ್ಷರಗಳಿಂದ ಪರಿಚಿತರಾದ ಮಹಿಳೆಯ ಕಥೆ. 1978ರಲ್ಲಿ, 43ನೇ ವಯಸ್ಸಿನಲ್ಲಿ, ಅವರ ಮಿದುಳಿನ ಮೇಲ್ಭಾಗದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಮಿದುಳಿನ ಎರಡೂ ಮಗ್ಗುಲುಗಳಿಂದ ಮಲಿನ ರಕ್ತವನ್ನು ಒಯ್ಯುವ ನಾಳ ಅದು. ಹಾಗಾಗಿ ಹಾನಿಯೂ ಎರಡೂ ಕಡೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಆಯಿತು. ಈ ತೊಂದರೆ ಇಷ್ಟು ವಿರಳವಾಗಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಮಾಮೂಲಿ ಪಾರ್ಶ್ವವಾಯು ಒಂದು ಮಗ್ಗುಲನ್ನು ಹಿಡಿಯುತ್ತದೆ. ಇನ್ನೊಂದು ಮಗ್ಗುಲು ಉಳಿದಿದ್ದರೆ ರೋಗಿಗೆ ತನ್ನ ಕೊರತೆ ಗಮನಕ್ಕೆ ಬರುವುದೇ ಕಷ್ಟ. ಎರಡೂ ಕಡೆ ಹಾನಿಯಾಗಬೇಕು, ಜೊತೆಗೆ ಕಣ್ಣಿನ ಸುದ್ದಿ ಮೊದಲು ಬಂದು ಸೇರುವ ಹಿಂದಲೆಯ ಪ್ರಾಥಮಿಕ ದೃಷ್ಟಿ ಪ್ರದೇಶ ಎರಡೂ ಕಡೆ ಉಳಿದಿರಬೇಕು. ಹೀಗೆ ಕೂಡಿಬರುವುದು ಎಷ್ಟು ಅಪರೂಪ ನೋಡಿ.

ಜರ್ಮನಿಯ ಮ್ಯೂನಿಕ್‌ನಲ್ಲಿ ಯೋಸೆಫ್ ಸಿಲ್ ಮತ್ತು ಸಂಗಡಿಗರು ಅವರನ್ನು ಪರೀಕ್ಷಿಸಿ 1983ರಲ್ಲಿ ವರದಿ ಮಾಡಿದರು. ಚಹಾ ಬಗ್ಗಿಸುವಾಗ ಧಾರೆ ಹೆಪ್ಪುಗಟ್ಟಿದ ಮಂಜಿನಂತೆ ನಿಂತಿರುತ್ತಿತ್ತು. ಕಪ್ಪಿನಲ್ಲಿ ಮಟ್ಟ ಏರುವುದು ಕಾಣದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಮಾತನಾಡುವವರ ತುಟಿಗಳ ಆಟ ಕಾಣದೆ ಸಂಭಾಷಣೆಯ ಎಳೆ ತಪ್ಪುತ್ತಿತ್ತು. ಕೋಣೆಯಲ್ಲಿ ಎರಡಕ್ಕಿಂತ ಹೆಚ್ಚು ಜನ ಓಡಾಡತೊಡಗಿದರೆ ಅವರು ಎದ್ದು ಹೊರಟುಬಿಡುತ್ತಿದ್ದರು. ಜನ ಇದ್ದಕ್ಕಿದ್ದಂತೆ ಇಲ್ಲಿ, ಇದ್ದಕ್ಕಿದ್ದಂತೆ ಅಲ್ಲಿ; ನಡುವೆ ನಡೆದದ್ದು ಇಲ್ಲ. ರಸ್ತೆ ದಾಟುವಾಗ ದೂರವಿದ್ದ ಕಾರು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದಲ್ಲೇ ಇರುತ್ತಿತ್ತು. ಕ್ರಮೇಣ ಅವರು ಕಾರಿನ ಸದ್ದು ಜೋರಾಗುವುದರಿಂದ ಅದರ ದೂರವನ್ನು ಅಳೆಯಲು ಕಲಿತರು.

ಈ ಕೊನೆಯ ಸಂಗತಿ ನನಗೆ ಮುಖ್ಯವೆನಿಸುತ್ತದೆ. ಸದ್ದು ಚಲಿಸುವುದು ಅವರಿಗೆ ತಿಳಿಯುತ್ತಿತ್ತು. ಚರ್ಮದ ಮೇಲೆ ಏನಾದರೂ ಸರಿದರೆ ಅದೂ ತಿಳಿಯುತ್ತಿತ್ತು. ಬಣ್ಣ ಗುರುತಿಸುವುದು, ಓದುವುದು, ಮುಖಗಳನ್ನು ಗುರುತಿಸುವುದು, ಸಣ್ಣ ವಿವರಗಳನ್ನು ಕಾಣುವುದು, ಇವುಗಳಿಗೆ ಅಡ್ಡಿ ಇರಲಿಲ್ಲ. ಹಾಗಾಗಿ ‘ಒಟ್ಟಾರೆ ಮಿದುಳು ನಿಧಾನವಾಗಿದೆ’ ಅಥವಾ ‘ಚಲನೆ ಎಂಬ ಕಲ್ಪನೆಯೇ ಅಳಿಸಿಹೋಗಿದೆ’ ಎಂಬ ವಿವರಣೆಗಳು ಬಿದ್ದುಹೋಗುತ್ತವೆ. ಹೋದದ್ದು ಕಣ್ಣಿನಿಂದ ಕಾಣುವ ಚಲನೆ ಮಾತ್ರ.

ಪೂರ್ತಿ ಹೋಗಿತ್ತೇ? ಇಲ್ಲ. ಜನಪ್ರಿಯ ಬರಹಗಳು ಇದನ್ನು ಹೇಳುವುದಿಲ್ಲ ಎಂಬುದು ನನ್ನ ತಕರಾರು. ನೇರ ನೋಟದ ಆಸುಪಾಸಿನಲ್ಲಿ, ಎಡಬಲಕ್ಕೋ ಮೇಲೆಕೆಳಗೋ ಹೋಗುವ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 10 ಡಿಗ್ರಿ ಮೀರದಿದ್ದರೆ ಅವರಿಗೆ ಚಲನೆ ಒಂದಿಷ್ಟು ಕಾಣುತ್ತಿತ್ತು. 10 ಡಿಗ್ರಿ ಎಂದರೆ ಎಷ್ಟು ಎಂದು ತಿಳಿಯಲು ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ, ಮುಷ್ಟಿಯ ಅಗಲ ಹೆಚ್ಚುಕಡಿಮೆ ಅಷ್ಟು. ಏಳು ಮೀಟರ್ ದೂರದಲ್ಲಿ ಒಬ್ಬರು ಸಾಮಾನ್ಯ ನಡಿಗೆಯಲ್ಲಿ, ಸೆಕೆಂಡಿಗೆ 1.2 ಮೀಟರಿನಂತೆ, ನಿಮ್ಮೆದುರು ಅಡ್ಡಲಾಗಿ ಹಾದುಹೋದರೆ ಆ ವೇಗವಾಗುತ್ತದೆ. ಮನೆಯ ಕೋಣೆಯೊಳಗೆ ಓಡಾಡುವವರು ಇದಕ್ಕಿಂತ ಹತ್ತಿರವೇ ಇರುತ್ತಾರೆ, ಮಿತಿ ದಾಟುತ್ತಾರೆ. ಕೋಣೆ ಅವರಿಗೆ ಏಕೆ ಅಸಹನೀಯವಾಗಿತ್ತು ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ಹತ್ತಿರ ಬರುವ ಅಥವಾ ದೂರ ಸರಿಯುವ ಚಲನೆಯಂತೂ ಅವರಿಗೆ ಕಾಣುತ್ತಲೇ ಇರಲಿಲ್ಲ. ನೇರವಾಗಿ ಮೇಲೆ ಬರುವ ಕಾರು, ಕಣ್ಣಿನತ್ತ ಏರುವ ಚಹಾ, ಎರಡೂ ಆ ಜಾತಿಯವು.

ಈಗ ಏರ್ಪಾಡಿನ ವಿಷಯ. ಕಿವಿಯ ಮೇಲ್ಗಡೆ, ತಲೆಯ ಹಿಂಭಾಗಕ್ಕೆ ಸರಿದಂತೆ, ಟೆಂಪೊರಲ್ ಹಾಲೆ ಹಿಂದಲೆಯ ಹಾಲೆಯನ್ನು ಕೂಡುವಲ್ಲಿ ಒಂದು ಸಣ್ಣ ಪ್ರದೇಶವಿದೆ. 1970ರ ದಶಕದ ಆರಂಭದಲ್ಲಿ ಕೋತಿಗಳ ಮಿದುಳಿನಲ್ಲಿ ಅದನ್ನು ಸಂಶೋಧಕರು ಎರಡು ಕಡೆ ಬೇರೆಬೇರೆಯಾಗಿ ಕಂಡುಕೊಂಡರು. ಆಲ್ಮನ್ ಮತ್ತು ಕಾಸ್ ಅದನ್ನು ಎಂಟಿ, ಅಂದರೆ ಮಧ್ಯ ಟೆಂಪೊರಲ್ ಪ್ರದೇಶ ಎಂದರು. ಸೆಮಿರ್ ಝೆಕಿ ಅದಕ್ಕೆ ವಿ5 ಎಂಬ ಹೆಸರು ಕೊಟ್ಟರು. ಅಲ್ಲಿನ ನರಕೋಶಗಳಲ್ಲಿ ಬಹುಪಾಲು ಒಂದೊಂದು ದಿಕ್ಕಿಗೆ ಒಲಿದವು. ಒಂದು ಬಲಕ್ಕೆ ಹೋಗುವುದನ್ನು ಕಂಡರೆ ಚುರುಕಾಗಿ ಮಿಡಿಯುತ್ತದೆ, ಎಡಕ್ಕೆ ಹೋದರೆ ಸುಮ್ಮನಿರುತ್ತದೆ. ವಸ್ತು ಕೆಂಪೋ ಹಸಿರೋ ಅದಕ್ಕೆ ಹೆಚ್ಚು ಲೆಕ್ಕವಿಲ್ಲ. ಹಿಂದಲೆಯ ಪ್ರಾಥಮಿಕ ಪ್ರದೇಶದಲ್ಲೂ ದಿಕ್ಕನ್ನು ಬಲ್ಲ ಕೋಶಗಳಿವೆ, ಆದರೆ ಒಂದೊಂದೂ ನೋಡುವುದು ಸೂಜಿರಂಧ್ರದಂಥ ಪುಟ್ಟ ಕಿಂಡಿಯಿಂದ. ಎಂಟಿಯ ಕೋಶದ ಕಿಂಡಿ ಸುಮಾರು ಹತ್ತು ಪಟ್ಟು ಅಗಲ. ಅನೇಕ ಸಣ್ಣ ಕಿಂಡಿಗಳ ವರದಿಯನ್ನು ಒಟ್ಟುಗೂಡಿಸಿ ‘ಇಲ್ಲಿ ಒಟ್ಟಾರೆ ಹರಿವು ಬಲಕ್ಕೆ’ ಎಂದು ಹೇಳುವುದು ಅದರ ಕೆಲಸ.

ಒಟ್ಟುಗೂಡಿಸುವ ಆ ಶಕ್ತಿಯನ್ನು ಅಳೆಯಲು ಒಂದು ಚುಕ್ಕೆಗಳ ಆಟವಿದೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇದರ ಮುಂದೆ ನಾನು ವಾರಗಟ್ಟಲೆ ಕುಳಿತಿದ್ದೇನೆ, ಕತ್ತಲ ಕೋಣೆಯಲ್ಲಿ, ಗದ್ದವನ್ನು ಒಂದು ಆಸರೆಯ ಮೇಲಿಟ್ಟುಕೊಂಡು. ಕಪ್ಪು ಪರದೆಯ ಮೇಲೆ ಒಂದು ವೃತ್ತ, ಅದರೊಳಗೆ ಬಿಳಿ ಚುಕ್ಕೆಗಳು ಕುದಿಯುತ್ತಿರುತ್ತವೆ. ಪ್ರತಿ ಚುಕ್ಕೆಯೂ ಕ್ಷಣಾರ್ಧ ಬದುಕಿ ಮಾಯವಾಗಿ ಬೇರೆಲ್ಲೋ ಹುಟ್ಟುತ್ತದೆ, ಆದ್ದರಿಂದ ಒಂದೇ ಚುಕ್ಕೆಯನ್ನು ಬೆನ್ನುಹತ್ತಿ ಉತ್ತರ ಹೇಳುವ ಕಳ್ಳದಾರಿ ಮುಚ್ಚಿದೆ. ನೂರಕ್ಕೆ ನೂರು ಚುಕ್ಕೆಗಳು ಬಲಕ್ಕೆ ಸರಿದರೆ ಮಗುವೂ ಹೇಳುತ್ತದೆ. ನೂರಕ್ಕೆ ಹತ್ತು ಮಾತ್ರ ಬಲಕ್ಕೆ, ಉಳಿದವು ದಿಕ್ಕುದೆಸೆಯಿಲ್ಲದೆ ಹಾರುತ್ತಿದ್ದರೆ? ಒಂದೊಂದು ಚುಕ್ಕೆಯನ್ನು ನೋಡಿದರೆ ಬರೀ ಗದ್ದಲ. ನೋಟವನ್ನು ಸಡಿಲಬಿಟ್ಟು ಕುಳಿತರೆ ಗದ್ದಲದ ಅಡಿಯಲ್ಲಿ ಗಾಳಿ ಬೀಸಿದಂತೆ ಒಂದು ಹರಿವು ಕಾಣುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಹೇಳಲಾಗುವುದಿಲ್ಲ, ಉತ್ತರ ಮಾತ್ರ ಬಹುಪಾಲು ಸರಿಯಾಗಿರುತ್ತದೆ.

1988ರಲ್ಲಿ ನ್ಯೂಸಮ್ ಮತ್ತು ಪರೇ ತರಬೇತಾದ ಕೋತಿಗಳಲ್ಲಿ ಎಂಟಿಯ ಕೋಶಗಳನ್ನು ಮಾತ್ರ ರಾಸಾಯನಿಕದಿಂದ ಕೆಡಿಸಿದರು. ಚುಕ್ಕೆಗಳ ದಿಕ್ಕು ಹೇಳಲು ಈಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಚುಕ್ಕೆಗಳು ಒಟ್ಟಾಗಿ ಸರಿಯಬೇಕಾಯಿತು. ನಿಂತ ಚಿತ್ರಗಳನ್ನು ಕಾಣುವ ಶಕ್ತಿ ಹಾಗೇ ಇತ್ತು. ಕೊರತೆ ಕೆಲವು ವಾರಗಳಲ್ಲಿ ಬಹಳಷ್ಟು ತುಂಬಿಕೊಂಡಿತು ಕೂಡ. ಎಲ್.ಎಂ. ಹಾಗೆ ಚೇತರಿಸಿಕೊಳ್ಳಲಿಲ್ಲ. ಅವರ ಹಾನಿ ಆ ಪುಟ್ಟ ಪ್ರದೇಶಕ್ಕಷ್ಟೇ ಸೀಮಿತವಾಗಿರದೆ ಸುತ್ತಲಿನ ಭಾಗಗಳನ್ನೂ ಅಡಿಯ ನರತಂತುಗಳನ್ನೂ ಹಿಡಿದಿತ್ತು. ಆದ್ದರಿಂದ ‘ಎಂಟಿ ಹೋಯಿತು, ಚಲನೆ ಹೋಯಿತು’ ಎಂಬ ಒಂದು ಸಾಲಿನ ಪಾಠವನ್ನು ನಾನು ಒಪ್ಪುವುದಿಲ್ಲ.

ಎಲ್.ಎಂ. ಅವರಿಗೂ ಮುಂದೆ ಇಂಥದ್ದೇ ಚುಕ್ಕೆಗಳನ್ನು ತೋರಿಸಲಾಯಿತು. ಎಲ್ಲ ಚುಕ್ಕೆಗಳೂ ಒಟ್ಟಾಗಿ ಸರಿದಾಗ ಅವರು ದಿಕ್ಕನ್ನು ಚೆನ್ನಾಗಿಯೇ ಹೇಳಿದರು. ನಡುವೆ ಅಡ್ಡಾದಿಡ್ಡಿ ಹಾರುವ ಅಥವಾ ಸುಮ್ಮನೆ ನಿಂತಿರುವ ಸ್ವಲ್ಪವೇ ಚುಕ್ಕೆಗಳನ್ನು ಬೆರೆಸಿದ್ದೇ ತಡ, ಎಲ್ಲವೂ ಕುಸಿಯಿತು. ನಮ್ಮಂಥವರಿಗೆ ಲೆಕ್ಕಕ್ಕೇ ಬಾರದ ಗದ್ದಲ ಅದು. ನನ್ನ ಮಟ್ಟಿಗೆ ಅವರ ಪ್ರಕರಣದ ಸಾರವೇ ಇದು. ಸಣ್ಣ ಕಿಂಡಿಗಳು ಇನ್ನೂ ನೋಡುತ್ತಿದ್ದವು, ಅವುಗಳ ವರದಿಯನ್ನು ಗದ್ದಲದಿಂದ ಸೋಸಿ ಒಂದುಗೂಡಿಸುವವರು ಇರಲಿಲ್ಲ. ನಿಂತ ಗೋಡೆ, ನಿಂತ ಕುರ್ಚಿ, ನಡುವೆ ಮೂವರ ಓಡಾಟ: ನಿತ್ಯದ ಜಗತ್ತು ಎಂದರೆ ಬೆರಕೆ ಚುಕ್ಕೆಗಳೇ ಅಲ್ಲವೇ. ಇನ್ನೊಂದು ಸೋಜಿಗವೆಂದರೆ, ಕತ್ತಲಲ್ಲಿ ಕೀಲುಗಳಿಗೆ ಬೆಳಕಿನ ಬಿಂದುಗಳನ್ನು ಕಟ್ಟಿಕೊಂಡ ಮನುಷ್ಯ ಏನು ಮಾಡುತ್ತಿದ್ದಾನೆ ಎಂಬುದನ್ನು ಅವರು ಗುರುತಿಸಬಲ್ಲವರಾಗಿದ್ದರು. ದೇಹದ ಚಲನೆಯನ್ನು ಓದಲು ಬೇರೊಂದು ದಾರಿಯೂ ಇದೆ ಎಂದಾಯಿತು.

ಹಾನಿಯೊಂದನ್ನೇ ನಂಬಿದರೆ ಅನುಮಾನ ಉಳಿಯುತ್ತದೆ ಎನ್ನುವವರಿಗೆ 1990ರ ಪ್ರಯೋಗವನ್ನು ತೋರಿಸುತ್ತೇನೆ. ಎಂಟಿಯಲ್ಲಿ ಒಂದೇ ದಿಕ್ಕಿಗೆ ಒಲಿದ ಕೋಶಗಳು ಗುಂಪಾಗಿ ಕುಳಿತಿರುತ್ತವೆ. ಸಾಲ್ಜ್‌ಮನ್, ಬ್ರಿಟನ್ ಮತ್ತು ನ್ಯೂಸಮ್ ಅಂಥ ಒಂದು ಗುಂಪಿಗೆ ತೆಳು ತಂತಿ ಇಳಿಸಿ, ಕೋತಿ ಚುಕ್ಕೆಗಳನ್ನು ನೋಡುತ್ತಿರುವಾಗಲೇ ಅತ್ಯಲ್ಪ ವಿದ್ಯುತ್ ಹರಿಸಿದರು. ಗುಂಪು ಮೇಲ್ಮುಖ ಚಲನೆಗೆ ಒಲಿದದ್ದಾಗಿದ್ದರೆ ಕೋತಿ ‘ಮೇಲಕ್ಕೆ’ ಎನ್ನುವುದು ಹೆಚ್ಚಾಯಿತು. ಪರದೆಯ ಮೇಲೆ ಏನೂ ಬದಲಾಗಿರಲಿಲ್ಲ. ರೈಲು ನಿಂತ ಮೇಲೂ ಜಾರುವ ಪ್ಲಾಟ್‌ಫಾರ್ಮನ್ನು ನೆನೆಯಿರಿ. ಎಲ್.ಎಂ. ಅವರಿಗೆ ಆ ಭ್ರಮೆಯೂ ಆಗುತ್ತಿರಲಿಲ್ಲ.

ಇನ್ನು ನಿಮ್ಮ ವಿಡಿಯೊ. ತಡೆದು ತಡೆದು ಓಡುವ, ಚಿತ್ರದ ಹಿಂದೆ ಚಿತ್ರ ಬಾಲದಂತೆ ಉಳಿಯುವ ಅನುಭವವನ್ನು ಹೆಚ್ಚಾಗಿ ಹೇಳುವವರು ಈ ತೊಂದರೆ ತಾತ್ಕಾಲಿಕವಾಗಿ ಬಂದವರು: ಮೈಗ್ರೇನ್ ಅಥವಾ ಅಪಸ್ಮಾರ ಇರುವ ಕೆಲವರು, ನೆಫಜೊಡೋನ್ ಎಂಬ ಖಿನ್ನತೆಯ ಔಷಧಿ ಸೇವಿಸಿದ ಕೆಲವರು. ಔಷಧಿಯಿಂದ ಹಾಗಾದವರಿಗೆ ಪ್ರಮಾಣ ಇಳಿಸಿದ ಅಥವಾ ನಿಲ್ಲಿಸಿದ ಮೇಲೆ ನೋಟ ಸರಿಹೋಯಿತು. ಎಲ್.ಎಂ. ಹೇಳಿದ್ದು ಬಿಡಿಬಿಡಿ ಚಿತ್ರಗಳ ಸರಣಿಯನ್ನಲ್ಲ, ‘ಇಲ್ಲಿದ್ದವರು ಅಲ್ಲಿದ್ದಾರೆ’ ಎಂಬುದನ್ನು. ನಿಮಗೋ ಮನೆಯವರಿಗೋ ಹೀಗೆ ಎಂದಾದರೂ ದಿಢೀರನೆ ಕಂಡರೆ ಕನ್ನಡಕದ ಅಂಗಡಿಗೆ ಹೋಗಬೇಡಿ. ಅಕ್ಷರಗಳ ಫಲಕವನ್ನು ಎಲ್.ಎಂ. ಕೂಡ ಸಲೀಸಾಗಿ ಓದುತ್ತಿದ್ದರು. ನಿಂತ ಅಕ್ಷರಗಳಿಂದ ಈ ದೋಷ ಹೊರಬೀಳುವುದಿಲ್ಲ. ಅದೇ ದಿನ ನರರೋಗ ತಜ್ಞರ ಬಳಿ ಹೋಗಿ, ಈಚೆಗೆ ಹೊಸದಾಗಿ ಶುರುಮಾಡಿದ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.